ಅಪ್‌ಡೇಟ್: ಹೆರಿಗೆ ರಜೆ ಮುಗಿಸಿ ಬಂದಾಗ ನನ್ನ ಕೆಲಸ ಬೇರೆಯವರ ಕೈಯಲ್ಲಿತ್ತು

ಮೊದಲು ಕೇಳಿದ್ದು: "26 ವಾರಗಳ ರಜೆ ಮುಗಿಸಿ ಅಕೌಂಟ್ಸ್ ವಿಭಾಗಕ್ಕೆ ವಾಪಸ್ ಬಂದೆ. ಸಂಬಳ, ಹುದ್ದೆ ಹಾಗೇ ಇದೆ. ಆದರೆ ಜಿಎಸ್‌ಟಿ ರಿಟರ್ನ್, ಪೇಮೆಂಟ್ ಮಂಜೂರಾತಿ ಎರಡೂ ನನ್ನ ಬಳಿ ಇಲ್ಲ. ಏನು ಮಾಡಲಿ?"

ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ. ಮೊದಲು ಮ್ಯಾನೇಜರ್ ಹತ್ತಿರ ಬಾಯಿಮಾತಲ್ಲಿ ಕೇಳಿದ್ದೆ. "ಮಗು ಚಿಕ್ಕದು, ಸ್ವಲ್ಪ ಆರಾಮಾಗಿರಿ" ಅಂದರು. ತುಂಬಾ ನೋವಾಯಿತು. ನಾನು ಆರಾಮ ಕೇಳಿರಲಿಲ್ಲ ಅಲ್ವಾ?

ಆಮೇಲೆ ರಜೆಗೆ ಮುಂಚಿನ ಅಪ್ರೈಸಲ್ ಹಾಳೆ ತೆಗೆದೆ. ಅದರಲ್ಲಿದ್ದ ಐದು ಜವಾಬ್ದಾರಿಗಳ ಎದುರು ಈಗ ಯಾರು ನೋಡುತ್ತಿದ್ದಾರೆ ಅಂತ ಬರೆದೆ. ನನ್ನ ಬಳಿ ಉಳಿದಿದ್ದು ಮೂರೇ. ಅದನ್ನೇ ಮ್ಯಾನೇಜರ್‌ಗೆ ಮೇಲ್ ಮಾಡಿ, ಎಚ್‌ಆರ್‌ಗೂ ಪ್ರತಿ ಕಳಿಸಿದೆ. ದೂರು ಅಂತ ಬರೆಯಲಿಲ್ಲ. ಯಾವ ಕೆಲಸ ಯಾವ ತಾರೀಕಿಗೆ ವಾಪಸ್ ಅಂತ ಮಾತ್ರ ಕೇಳಿದೆ. ಲಿಖಿತವಾಗಿ ಕೇಳಿದ್ದಕ್ಕೇ ಮೂರನೇ ದಿನ ಮೀಟಿಂಗ್ ಆಯಿತು.

ಜಿಎಸ್‌ಟಿ ಕೆಲಸ ಮುಂದಿನ ತಿಂಗಳ ರಿಟರ್ನ್‌ನಿಂದ ನನಗೆ. ತಿಂಗಳ ಮಧ್ಯೆ ಕೈ ಬದಲಾದರೆ ಲೆಕ್ಕ ತಪ್ಪುತ್ತದೆ, ಅದು ಸರಿ. ಪೇಮೆಂಟ್ ಮಂಜೂರಾತಿ ಸಹೋದ್ಯೋಗಿಯ ಬಳಿಯೇ ಇರುತ್ತದಂತೆ. ಆಕೆ ಚೆನ್ನಾಗಿಯೇ ಮಾಡುತ್ತಿದ್ದಾಳೆ, ಆಕೆಯ ಮೇಲೆ ಕೋಪವಿಲ್ಲ. ಆದರೆ ಅದಿಲ್ಲದ್ದಕ್ಕೆ ನನ್ನ ರೇಟಿಂಗ್ ಇಳಿಸುವುದಿಲ್ಲ ಅಂತ ಮೇಲ್‌ನಲ್ಲಿ ಬರೆಸಿಕೊಂಡೆ. ಮಾರ್ಚ್ ಅಪ್ರೈಸಲ್‌ಗೆ ಆ ಮೇಲ್ ಇಟ್ಟುಕೊಂಡಿದ್ದೇನೆ.