ವಕೀಲರಿಗೆ ಕೇಳಿ: ಪ್ರಶ್ನೆ ಪಟ್ಟಿಯಲ್ಲಿ 12 ಎರಡು ಸಲ ಬಂದಿದೆ

ಸವಿತಾ, ಹೊನ್ನಾವರ: ಪಾಲಿನ ದಾವೆಯಲ್ಲಿ ಎದುರು ಪಕ್ಷದವರು ಕೋರ್ಟ್ ಅನುಮತಿ ತಗೊಂಡು ಆರು ಪುಟ ಪ್ರಶ್ನೆ ಕೊಟ್ಟಿದ್ದಾರೆ. ನಮ್ಮ ವಕೀಲರು ಉತ್ತರದ ಕರಡು ಮಾಡಿ ತನ್ನಿ ಅಂದ್ರು. ಪಟ್ಟಿಯಲ್ಲಿ 11, 12, ಮತ್ತೆ 12, ಆಮೇಲೆ 13 ಅಂತಿದೆ. 12, 13, 14 ಅಂತ ಸರಿ ಮಾಡ್ಕೊಂಡು ಬರೆಯಲಾ? ನಾಲ್ಕನೇ ಪುಟದ ಫೋಟೋ ಹಾಕಿದ್ದೇನೆ.

ವಕೀಲರು, ಶಿರಸಿ: ಬೇಡ. ಅವರ ನಂಬರ್ ತಪ್ಪಿದ್ರೂ ಅದನ್ನೇ ಇಟ್ಟುಕೊಳ್ಳಿ. ನಿಮ್ಮ ಫೋಟೋದಲ್ಲೇ ನೋಡಿ. ಎರಡನೇ 12ರಲ್ಲಿ "ಅಣ್ಣ ಬೇರೆ ಮನೆ ಮಾಡಿಕೊಂಡಿದ್ದು ನಿಜವೇ" ಅಂತಿದೆ, ನೀವು ಹೌದು ಅಂತೀರಿ. ಅವರ 13 ಏನು? "ತೋಟ ಕೊಂಡದ್ದು ತಂದೆಯ ಹಣದಿಂದಲೇ?" ಅದಕ್ಕೆ ನಿಮ್ಮ ಉತ್ತರ "ಅಲ್ಲ". ನೀವು ನಂಬರ್ ಸರಿ ಮಾಡಿದ್ರೆ ಆ "ಹೌದು" ನಿಮ್ಮ 13ರ ಎದುರು ಹೋಗಿ ಕೂರುತ್ತದೆ. ನಾಳೆ ಪಾಟಿ ಸವಾಲಿನಲ್ಲಿ ಅವರ ಪಟ್ಟಿ ಒಂದು ಕೈಯಲ್ಲಿ, ನಿಮ್ಮ ಅಫಿಡವಿಟ್ ಇನ್ನೊಂದು ಕೈಯಲ್ಲಿ ಹಿಡಿದು "13ಕ್ಕೆ ಹೌದು ಅಂತ ಪ್ರಮಾಣ ಮಾಡಿದ್ದೀರಲ್ಲ" ಅಂತ ಕೇಳಿದ್ರೆ, ಅಲ್ಲಿಂದ ಕೊನೆಯವರೆಗೆ ಎಲ್ಲ ಒಂದೊಂದು ಮನೆ ಸರಿದಿದೆ ಅಂತ ಬಿಡಿಸಿ ಹೇಳೋಕೆ ನಿಮಗೆ ಬಾಯಿ ಬರಲ್ಲ.

"12 (ಪುಟ 4, ಮೊದಲನೆಯದು)", "12 (ಪುಟ 4, ಎರಡನೆಯದು)" ಅಂತ ಬರೆಯಿರಿ. ಪ್ರತಿ ಪ್ರಶ್ನೆಯನ್ನು ಇದ್ದ ಹಾಗೇ ಟೈಪ್ ಮಾಡಿಸಿ, ಅದರ ಕೆಳಗೇ ಉತ್ತರ. ಕಂಪ್ಯೂಟರ್ ತಾನೇ ನಂಬರ್ ಹಾಕೋದನ್ನ ನಿಲ್ಲಿಸಿ, ನಂಬರ್ ಕೈಯಲ್ಲೇ ಟೈಪ್ ಆಗಲಿ. ಇಲ್ಲಾಂದ್ರೆ ಮಧ್ಯೆ ಒಂದು ಸಾಲು ಅಳಿಸಿದ್ರೆ ಕೆಳಗಿನದ್ದೆಲ್ಲ ಬದಲಾಗುತ್ತದೆ.

ಗಣಪತಿ, ಕುಮಟಾ: ವಕೀಲ್ರೇ, ಗೊತ್ತಿರೋದನ್ನ ಮೊದಲು ಬರೆದು ಕಷ್ಟದ್ದು ಕೊನೆಗೆ ಹಾಕಬಹುದಾ?

ವಕೀಲರು: ಕರಡಲ್ಲಿ ಹೇಗಾದ್ರೂ ಬರೆಯಿರಿ. ಅಫಿಡವಿಟ್‌ನಲ್ಲಿ ಅವರದೇ ಕ್ರಮ.

ಮಂಜುನಾಥ, ಕಾರವಾರ: ಇಷ್ಟೆಲ್ಲ ಯಾಕೆ? ನನಗೆ ಬಂದ ಫಾರ್ವರ್ಡ್ ಇಲ್ಲಿದೆ. "1ರಿಂದ ಕೊನೆಯವರೆಗೆ ಎಲ್ಲವೂ ಸುಳ್ಳು, ಅವರೇ ರುಜುವಾತು ಮಾಡಲಿ" ಅಂತ ಒಂದೇ ಸಾಲು ಹಾಕಿದ್ರೆ ಸಾಕು.

ವಕೀಲರು: ಇದನ್ನ ಯಾರೂ ಮುಂದೆ ಕಳಿಸಬೇಡಿ. "ತೋಟದ ಹಣ ಯಾರು ಕೊಟ್ಟರು" ಅನ್ನೋದಕ್ಕೆ "ಸುಳ್ಳು" ಉತ್ತರ ಆಗತ್ತಾ? ಉತ್ತರ ಬಿಟ್ಟರೆ ಅಥವಾ ಅರೆಬರೆ ಕೊಟ್ಟರೆ ಅವರು ಕೋರ್ಟಿಗೆ ಅರ್ಜಿ ಹಾಕಿ ಪೂರ್ತಿ ಉತ್ತರಕ್ಕೆ ಆದೇಶ ತರ್ತಾರೆ. ಆ ಆದೇಶವನ್ನೂ ಪಾಲಿಸದಿದ್ರೆ ಪ್ರತಿವಾದಿಯ ವಾದವನ್ನೇ ಹೊಡೆದುಹಾಕಬಹುದು, ವಾದಿಯಾದ್ರೆ ದಾವೆ ವಜಾ ಆಗಬಹುದು.

ರಾಮಚಂದ್ರ, ಅಂಕೋಲಾ: ಅದೆಲ್ಲ ಯಾಕೆ, ಬಿಟ್ಟ ಪ್ರಶ್ನೆ ಒಪ್ಪಿಕೊಂಡ ಹಾಗೇ. ನಾನು ಕೋರ್ಟಲ್ಲಿ ಗುಮಾಸ್ತನಾಗಿದ್ದವನು.

ವಕೀಲರು: ರಾಯರೇ, ಅದು ದಾವೆಗೆ ಪ್ರತಿವಾದಿ ಕೊಡೋ ಲಿಖಿತ ಹೇಳಿಕೆಗೆ. ಅಲ್ಲಿ ನಿರ್ದಿಷ್ಟವಾಗಿ ನಿರಾಕರಿಸದ ಸಂಗತಿ ಒಪ್ಪಿದಂತೆ. ಇಲ್ಲಿ ದಾರಿ ಬೇರೆ, ಈಗಷ್ಟೇ ಹೇಳಿದೆ.

ರಾಮಚಂದ್ರ: ಕಡೆಗೆ ಎರಡೂ ಒಂದೇ.

ಮಂಜುನಾಥ: ಗುಮಾಸ್ತರು ಫೈಲ್ ಹೊತ್ತಿದ್ದಾರೆ, ಓದಿಲ್ಲ ಅನಿಸತ್ತೆ.

ರಾಮಚಂದ್ರ: ಫಾರ್ವರ್ಡ್ ಓದಿ ಕಾನೂನು ಕಲಿತವನು ನನಗೆ ಹೇಳೋದು ಬೇಡ ಮಾರಾಯ.

ರೇಷ್ಮಾ, ಭಟ್ಕಳ: ನನ್ನ ಮಗಳು ಸಿಇಟಿಯಲ್ಲಿ ಒಂದು ಪ್ರಶ್ನೆ ಬಿಟ್ಟು ಮುಂದಿನ ಉತ್ತರವನ್ನ ಅದರ ಜಾಗದಲ್ಲೇ ತುಂಬಿದ್ಳು, ಒಎಂಆರ್ ಪೂರ್ತಿ ಸರಿದುಹೋಯ್ತು. ಇದಕ್ಕೆ ಅರ್ಜಿ ಹಾಕಬಹುದಾ?

ಗಣಪತಿ: ಅಕ್ಕಾ, ಇದು ಕೋರ್ಟಿನ ಪ್ರಶ್ನೆ. ವಕೀಲ್ರೇ, ಕಷ್ಟದ ಪ್ರಶ್ನೆ ಖಾಲಿ ಬಿಡಬಹುದಾ?

ವಕೀಲರು: ಬಿಡಬೇಡಿ. ಗೊತ್ತಿಲ್ಲದಿದ್ರೆ ಆ ನಂಬರಿಗೆ "ನನಗೆ ತಿಳಿದಿಲ್ಲ", ಆದ್ರೆ ಮನೆಯ ಕಾಗದಪತ್ರ ನೋಡಿದ ಮೇಲೆ. ಸಂಬಂಧ ಇಲ್ಲದ ಪ್ರಶ್ನೆ ಅಂತಿದ್ರೆ ಆಕ್ಷೇಪವನ್ನೂ ಅದೇ ನಂಬರಿನ ಕೆಳಗೆ ಬರೆಯಿರಿ.

ಸವಿತಾ: ಸರ್, ಕೊನೆಯ ನಂಬರ್ 22. ಹಾಗಾದ್ರೆ ನನ್ನದು 22 ಉತ್ತರ ಆದ್ರೆ ಮುಗೀತಾ?

ವಕೀಲರು: ಇಲ್ಲ. 12 ಎರಡಿದೆ, ಅಲ್ಲಿಗೇ 23. ಉಪಪ್ರಶ್ನೆಗಳು ಬೇರೆ. ಕೆಂಪು ಪೆನ್ನಲ್ಲಿ ಪ್ರತಿ ನಂಬರಿಗೂ, ಪ್ರತಿ (ಅ), (ಆ)ಗೂ ಸುತ್ತು ಹಾಕಿ. ಪುಟದ ಕೆಳಗೆ ಆ ಪುಟದ ಸುತ್ತು ಎಷ್ಟು ಅಂತ ಬರೆದು ಆರೂ ಪುಟ ಕೂಡಿಸಿ. ನಿಮ್ಮ ಉತ್ತರದಲ್ಲೂ ಹಾಗೇ ಎಣಿಸಿ, ಎರಡು ಲೆಕ್ಕ ತಾಳೆ ಆಗಬೇಕು. ಜಾಸ್ತಿ ಜಾರಿಹೋಗೋದು ಪುಟ ತಿರುಗುವ ಕಡೆ: (ಅ), (ಆ) ಈ ಪುಟದ ಕೊನೆಗೆ, (ಇ) ಮುಂದಿನ ಪುಟದ ತಲೆಯಲ್ಲಿ ಒಂಟಿಯಾಗಿ.

ಇನ್ನೊಂದು, ನಿಮ್ಮ ಫೋಟೋದ ಕೊನೆಯ ಸಾಲು ಅರ್ಧ ಕಾಣ್ತಿದೆ, ಅಕ್ಷರದ ತಲೆ ಮಾತ್ರ. ಉದ್ದದ ಲೀಗಲ್ ಹಾಳೆಯನ್ನ ಎ4ನಲ್ಲಿ ಝೆರಾಕ್ಸ್ ಮಾಡಿದಾಗ ಹೀಗಾಗುತ್ತದೆ. ಅಲ್ಲಿ ಒಂದು ಉಪಪ್ರಶ್ನೆಯೇ ಇರಬಹುದು. ನಾಳೆಯೇ ನಿಮ್ಮ ವಕೀಲರ ಹತ್ತಿರ ಇರೋ ಪ್ರತಿಯ ಜೊತೆ ಆರೂ ಪುಟ ಹೋಲಿಸಿ.

ಗಣಪತಿ: ಕ್ರಮ ಬದಲಿಸಿ, ಯಾವುದು ಎಲ್ಲಿದೆ ಅಂತ ಕೊನೆಗೆ ಪಟ್ಟಿ ಕೊಟ್ರೆ?

ವಕೀಲರು: ಮೇಲೆ ಓದಿ.

ಸವಿತಾ: ದಿನ ಎಷ್ಟಿದೆ ಸರ್?

ವಕೀಲರು: ಪ್ರಶ್ನೆ ಕೈಗೆ ಬಂದು ಹತ್ತು ದಿನ, ಅಥವಾ ಕೋರ್ಟ್ ಕೊಟ್ಟಷ್ಟು. ಆದೇಶದಲ್ಲಿ ಏನಿದೆ ಅಂತ ನಿಮ್ಮ ವಕೀಲರನ್ನೇ ಕೇಳಿ.

ರಾಮಚಂದ್ರ: ನಮ್ಮ ಕಾಲದಲ್ಲಿ ಯಾರೂ ಹತ್ತು ದಿನ ನೋಡ್ತಿರಲಿಲ್ಲ.

ಮಂಜುನಾಥ: ಅದಕ್ಕೇ ದಾವೆಗಳು ಮೊಮ್ಮಕ್ಕಳ ತನಕ ಬಂದಿದ್ದು.

ರೇಷ್ಮಾ: ಸಿಇಟಿ ವಿಷಯ ಯಾರಾದ್ರೂ ಹೇಳ್ತೀರಾ?