ದಾರಿಗೆ ‘ಅನುಮತಿ ಪತ್ರ’ ಕೇಳುತ್ತಿದ್ದಾರೆ, ಸಹಿ ಹಾಕಬಹುದೇ?

“ಪಕ್ಕದವರ ಹೊಲದ ಬದುವಿನ ಮೇಲಿರುವ ಬಂಡಿ ದಾರಿಯಲ್ಲೇ ಅಜ್ಜನ ಕಾಲದಿಂದ ನಮ್ಮ ಜಮೀನಿಗೆ ಹೋಗುತ್ತಿದ್ದೇವೆ. ಆ ಹೊಲ ಈಚೆಗೆ ಮಾರಾಟವಾಯಿತು. ಹೊಸ ಮಾಲೀಕರು ಗೇಟು ಹಾಕಿ, ‘ನನ್ನ ಅನುಮತಿಯಿಂದ ಓಡಾಡುತ್ತಿದ್ದೇವೆ ಎಂದು ಬರೆದುಕೊಡಿ, ಬೀಗದ ಕೈ ಕೊಡುತ್ತೇನೆ’ ಎನ್ನುತ್ತಿದ್ದಾರೆ. ಜಗಳ ಬೇಡವೆಂದು ಅಪ್ಪ ಸಹಿಗೆ ಸಿದ್ಧರಿದ್ದಾರೆ. ಕೆರೆಯ ಕಡೆಯಿಂದ ಸುತ್ತು ದಾರಿಯೊಂದಿದೆ. ಅನುಭವವಿರುವವರು ತಿಳಿಸಿ.”

ತೋಟದ ಮನೆ: ಸಹಿ ಹಾಕಲೇಬೇಡಿ. 12 ವರ್ಷ ಅನುಭವಿಸಿದರೆ ಆ ಜಾಗ ನಿಮ್ಮದೇ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಪಹಣಿಯಲ್ಲಿ ಹೆಸರು ಸೇರಿಸಿಕೊಳ್ಳಿ. ನಮ್ಮ ದೊಡ್ಡಪ್ಪ ಹಾಗೆಯೇ ಮಾಡಿದರು.

ಸಿವಿಲ್ ವಕೀಲ: ಸಹಿ ಹಾಕಬೇಡಿ ಎಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಉಳಿದದ್ದು ಬೇರೆ ವಿಷಯ. 12 ವರ್ಷದ ಲೆಕ್ಕ ಬರುವುದು ಒಬ್ಬರ ಜಾಗವನ್ನೇ ಸ್ವಾಧೀನದಲ್ಲಿಟ್ಟುಕೊಂಡು ಮಾಲೀಕತ್ವ ಕೇಳುವವರಿಗೆ. ಇಲ್ಲಿ ಜಾಗ ಅವರದೇ, ಅದರ ಮೇಲೆ ಹಾದುಹೋಗುವ ಹಕ್ಕು ಮಾತ್ರ ನಿಮ್ಮದು. ಇದನ್ನೇ ಈಸ್‌ಮೆಂಟ್ ಅಥವಾ ಅನುಭೋಗದ ಹಕ್ಕು ಎನ್ನುತ್ತಾರೆ. ದಾವೆಯಲ್ಲಿ ‘ದಾರಿಯ ಜಾಗ ನನ್ನದು, ದಾರಿಯ ಹಕ್ಕೂ ನನ್ನದು’ ಎಂದು ಎರಡನ್ನೂ ಬರೆದವರು ಅಡ್ಡ ಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ, ಏಕೆಂದರೆ ತನ್ನ ಜಾಗದ ಮೇಲೆ ತನಗೇ ಅನುಭೋಗದ ಹಕ್ಕು ಇರುವುದಿಲ್ಲ.

1882ರ ಈಸ್‌ಮೆಂಟ್ ಕಾಯ್ದೆಯಂತೆ, ದೀರ್ಘ ಬಳಕೆಯಿಂದ ದಾರಿಯ ಹಕ್ಕು ಬರಲು 20 ವರ್ಷ ಬೇಕು. ಜಾಗ ಸರ್ಕಾರದ್ದಾದರೆ 30. ಆದರೆ ವರ್ಷ ಎಣಿಸಿದರೆ ಸಾಲದು. ಬಳಕೆ ಬಹಿರಂಗವಾಗಿರಬೇಕು, ತಕರಾರಿಲ್ಲದೆ, ತಡೆಯಿಲ್ಲದೆ ನಡೆದಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹಕ್ಕಿನಿಂದ ನಡೆದಿರಬೇಕು. ಮಾಲೀಕರು ‘ಹೋಗಿ ಬನ್ನಿ’ ಎಂದು ದಯೆಯಿಂದ ಬಿಟ್ಟಿದ್ದರೆ ಅದು ಪರವಾನಗಿ. ಅದು 40 ವರ್ಷ ನಡೆದರೂ ಹಕ್ಕಾಗಿ ಬಲಿಯುವುದಿಲ್ಲ, ಸಾಮಾನ್ಯವಾಗಿ ಅವರು ಬೇಡವೆಂದ ದಿನ ಮುಗಿಯುತ್ತದೆ. ನಿಮ್ಮಿಂದ ಕೇಳುತ್ತಿರುವ ಒಂದು ಸಾಲಿನ ಪತ್ರ ಅದನ್ನೇ ಸಾಧಿಸುತ್ತದೆ. ನಾಳೆ ನ್ಯಾಯಾಲಯದಲ್ಲಿ ಅದನ್ನು ತೋರಿಸಿ, ‘ಇವರ ಬಳಕೆ ಅನುಮತಿಯದು, ಇವರೇ ಬರೆದುಕೊಟ್ಟಿದ್ದಾರೆ’ ಎಂದರೆ ಅಜ್ಜನ ಕಾಲದ ಸಾಕ್ಷ್ಯವೆಲ್ಲ ತೂಕ ಕಳೆದುಕೊಳ್ಳುತ್ತದೆ.

ಇನ್ನೊಂದು ಅಪಾಯವನ್ನು ಜನ ಗಮನಿಸುವುದೇ ಇಲ್ಲ. ಆ 20 ವರ್ಷದ ಬಳಕೆ ದಾವೆ ಹೂಡುವುದಕ್ಕೆ ಹಿಂದಿನ 2 ವರ್ಷಗಳೊಳಗೆ ಮುಗಿದಿರಬೇಕು. 1985ರಿಂದ ಓಡಾಡಿದ ದಾರಿ 2022ರಲ್ಲಿ ಬಂದ್ ಆಯಿತು, ಸಂಧಾನ ಸಂಧಾನ ಎನ್ನುತ್ತಾ 2025ರಲ್ಲಿ ನ್ಯಾಯಾಲಯಕ್ಕೆ ಹೋದರು ಎಂದುಕೊಳ್ಳಿ. 37 ವರ್ಷ ಓಡಾಡಿದ್ದರೂ ದೀರ್ಘ ಬಳಕೆಯ ವಾದ ಅಲ್ಲಿಗೆ ಕುಸಿಯುತ್ತದೆ. ಅಡ್ಡಿಯ ವಿಷಯವೂ ಹೀಗೆಯೇ. ಅಡ್ಡಿಯಾಗಿದೆ, ಮಾಡಿದವರು ಇಂಥವರು ಎಂದು ಗೊತ್ತಾದ ಮೇಲೆ ಒಂದು ವರ್ಷ ಸಹಿಸಿಕೊಂಡರೆ ಮಾತ್ರ ಕಾನೂನಿನ ಕಣ್ಣಿನಲ್ಲಿ ಬಳಕೆ ತುಂಡಾಗುತ್ತದೆ. ಆದ್ದರಿಂದ ಗೇಟು ಬಿದ್ದ ದಿನಾಂಕವನ್ನು ಬರೆದಿಡಿ, ಫೋಟೋ ತೆಗೆದಿಡಿ, ಈ ತಿಂಗಳೇ ವಕೀಲರ ಮೂಲಕ ಆಕ್ಷೇಪದ ನೋಟಿಸು ಕಳುಹಿಸಿ.

ಕಿಟಕಿ ಬಾಗಿಲು: ನಮ್ಮದೂ ಇಂಥದ್ದೇ ಸಂಕಟ. ಮನೆಯ ಪೂರ್ವದ ಕಿಟಕಿಗೆ ಅಂಟಿದಂತೆ ಪಕ್ಕದವರು ಗೋಡೆ ಎಬ್ಬಿಸುತ್ತಿದ್ದಾರೆ. ಹಗಲಿನಲ್ಲೂ ಅಡುಗೆಮನೆಯ ದೀಪ ಹಾಕಬೇಕಾಗಿದೆ. ಹಿತ್ತಲ ತರಕಾರಿ ಮಡಿಗೂ ಬಿಸಿಲು ಹೋಯಿತು. ಎರಡಕ್ಕೂ ಪರಿಹಾರ ಕೇಳಬಹುದೇ?

ಸಿವಿಲ್ ವಕೀಲ: ಮಡಿಗೆ ಇಲ್ಲ. ತೆರೆದ ಜಾಗಕ್ಕೆ ಬರುವ ಗಾಳಿ ಬೆಳಕಿನ ಹಕ್ಕನ್ನು ಬಳಕೆಯಿಂದ ಗಳಿಸಲಾಗದು. ಕಟ್ಟಡದ ಕಿಟಕಿಗೆ ಉಂಟು, ಕಿಟಕಿ ಅದೇ ಜಾಗದಲ್ಲಿ ಅದೇ ಅಳತೆಯಲ್ಲಿ 20 ವರ್ಷ ಇದ್ದಿದ್ದರೆ. ಬೆಳಕು ಸ್ವಲ್ಪ ತಗ್ಗಿತು ಎಂಬುದು ಸಾಲದು, ಆ ಕೋಣೆಯಲ್ಲಿ ನೆಮ್ಮದಿಯಾಗಿ ಇರುವುದೇ ಕಷ್ಟವಾಗುವಷ್ಟು ತಗ್ಗಿರಬೇಕು. ಗೋಡೆ ಪೂರ್ಣವಾಗುವ ಮೊದಲೇ ತಡೆಯಾಜ್ಞೆ ಕೇಳಿ. ಕಟ್ಟಡದ ಸುತ್ತ ಜಾಗ ಬಿಡುವ ನಿಯಮ ಮೀರಿದ್ದರೆ ಸ್ಥಳೀಯ ಸಂಸ್ಥೆಗೆ ಕೊಡುವ ದೂರು ಪ್ರತ್ಯೇಕ ಹಾದಿ.

ಹಿಸ್ಸಾ: ನಾವು 20 ವರ್ಷದ ಗೊಡವೆಗೇ ಹೋಗಲಿಲ್ಲ. ನಮ್ಮ ಹೊಲವೂ ಪಕ್ಕದ ಹೊಲವೂ ಮೊದಲು ಒಂದೇ ಕುಟುಂಬದ್ದು. ವಿಭಾಗವಾದಾಗ ನಮ್ಮ ಪಾಲಿಗೆ ಬಂದ ಹಿಂದಿನ ತುಂಡಿಗೆ ಬೇರೆ ದಾರಿಯೇ ಇರಲಿಲ್ಲ. ವಿಭಾಗಪತ್ರ ತೋರಿಸಿ ಅನಿವಾರ್ಯದ ದಾರಿ ಎಂದು ಕೇಳಿದೆವು, ಸಿಕ್ಕಿತು. ನೀವೂ ಹಾಗೆ ಮಾಡಿ.

ಸಿವಿಲ್ ವಕೀಲ: ಹಿಸ್ಸಾ ಅವರಿಗೆ ಅದು ಸರಿಯಾದ ದಾರಿಯೇ. ಪ್ರಶ್ನೆ ಕೇಳಿದವರಿಗೆ ಕೆರೆಯ ಕಡೆಯ ಸುತ್ತು ದಾರಿ ಅಡ್ಡ ಬರುತ್ತದೆ. ಅನಿವಾರ್ಯ ಎಂದರೆ ಬೇರೆ ದಾರಿಯೇ ಇಲ್ಲ ಎಂದು ಅರ್ಥ, ದೂರವಾಗುತ್ತದೆ ಎಂದಲ್ಲ. ಎರಡೂ ಜಮೀನು ಒಂದು ಕಾಲದಲ್ಲಿ ಒಬ್ಬರದೇ ಆಗಿತ್ತೆಂದೂ ತೋರಿಸಬೇಕು. ಮುಂದೆ ಬೇರೆ ದಾರಿ ಹುಟ್ಟಿಕೊಂಡರೆ ಆ ಹಕ್ಕು ಮುಗಿಯುತ್ತದೆ. ದೀರ್ಘ ಬಳಕೆಯ ಹಕ್ಕಿಗೆ ಈ ಸುತ್ತು ದಾರಿ ಅಡ್ಡಿಯಲ್ಲ.

ನಿವೃತ್ತ ಭೂಮಾಪಕ: ಕೋರ್ಟಿಗೆ ಮೊದಲು ಗ್ರಾಮ ನಕಾಶೆಯ ನಕಲು ತೆಗೆಸಿ. ಬಂಡಿ ದಾರಿ, ಕಾಲುದಾರಿ ಅದರಲ್ಲಿ ಗುರುತಾಗಿದ್ದರೆ ಅದು ನಿಮ್ಮೊಬ್ಬರ ಹಕ್ಕಿನ ಮಾತಲ್ಲ, ಎಲ್ಲರ ದಾರಿ. ಆಗ ತಹಶೀಲ್ದಾರರಿಗೆ ದೂರು ಕೊಡುವುದಕ್ಕೆ ಅರ್ಥವಿದೆ. ಎರಡೂ ಕಡೆಯ ಹಳೆಯ ಕ್ರಯಪತ್ರಗಳ ಚಕ್ಕುಬಂದಿಯನ್ನೂ ಓದಿ. ‘ಪಶ್ಚಿಮಕ್ಕೆ ಬಂಡಿ ದಾರಿ’ ಎಂದು ಆ ಹೊಲದ ಹಳೆಯ ಪತ್ರದಲ್ಲೇ ಇದ್ದರೆ ಹೊಸ ಮಾಲೀಕರಿಗೆ ಉತ್ತರ ಕೊಡುವುದು ಕಷ್ಟ.

ತೋಟದ ಮನೆ: ಪಹಣಿಯ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಬಂಡಿ ದಾರಿ ಗೆದ್ದ ಮೇಲೆ ಟ್ರ್ಯಾಕ್ಟರ್ ಬಿಡುವುದಿಲ್ಲ ಎಂದರೆ? ಈಗ ಎತ್ತು ಇರುವವರು ಯಾರು?

ಸಿವಿಲ್ ವಕೀಲ: ಕಾಲುದಾರಿಯ ಹಕ್ಕಿನಲ್ಲಿ ಬಂಡಿ ಹೊಡೆಯಲಾಗದು, ಅದು ಸ್ಪಷ್ಟ. ಬಂಡಿಯಿಂದ ಟ್ರ್ಯಾಕ್ಟರಿಗೆ ಎಂಬುದು ವಾದಕ್ಕೆ ಬಿಟ್ಟದ್ದು. ಟ್ರ್ಯಾಕ್ಟರ್ ಎಂದಿನಿಂದ ಓಡುತ್ತಿದೆ, ಅದಕ್ಕಾಗಿ ಬದುವನ್ನು ಅಗಲ ಮಾಡಿದಿರಾ ಎಂಬುದನ್ನು ನೋಡುತ್ತಾರೆ. ಈ ಅನಿಶ್ಚಿತತೆಯಿಂದಲೇ ನಾನು ರಾಜಿಗೆ ಒತ್ತು ಕೊಡುವುದು. ಅಪ್ಪನವರಿಗೆ ಜಗಳ ಬೇಡವಾದರೆ ಪತ್ರ ಬರೆಯಲಿ, ಆದರೆ ಬರೆದುಕೊಡಬೇಕಾದವರು ಹೊಸ ಮಾಲೀಕರು. ಯಾವ ಸರ್ವೆ ನಂಬರಿನಿಂದ ಯಾವ ಸರ್ವೆ ನಂಬರಿಗೆ, ಎಷ್ಟು ಅಡಿ ಅಗಲ, ಟ್ರ್ಯಾಕ್ಟರ್ ಸೇರಿ ಯಾವ ವಾಹನ, ರಿಪೇರಿ ಯಾರದು ಎಂದು ನಕ್ಷೆಯೊಂದಿಗೆ ಬರೆಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಗೇಟು ಇರಲಿ, ದನ ತಡೆಯಲು ಅವರಿಗೂ ಬೇಕು, ಬೀಗದ ಕೈ ಹಕ್ಕಿನಿಂದ ನಿಮ್ಮ ಬಳಿಯೂ ಇರಲಿ. ಆಗ ಮುಂದಿನ ಖರೀದಿದಾರರೂ ಅದಕ್ಕೆ ಬದ್ಧರು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಅಪ್ಪ ಸಹಿ ನಿಲ್ಲಿಸಿದ್ದಾರೆ. ಆದರೆ ಒಂದು ಹೊಸ ವಿಷಯ ಹೇಳಿದರು. ಸುಗ್ಗಿಯಲ್ಲಿ ಅಜ್ಜ ಆ ಹೊಲದ ಹಿಂದಿನ ಮಾಲೀಕರಿಗೆ ಒಂದು ಮೂಟೆ ಧಾನ್ಯ ಕೊಡುತ್ತಿದ್ದರಂತೆ. ಇದು ದಾರಿಗೆ ಕೊಟ್ಟ ಬಾಡಿಗೆ ಎಂದಾಗುತ್ತದೆಯೇ?

ಸಿವಿಲ್ ವಕೀಲ: ಆಗಬಹುದು, ಆಗದೆಯೂ ಇರಬಹುದು. ದಾರಿಗೆಂದೇ ಪ್ರತಿ ವರ್ಷ ಕೊಟ್ಟಿದ್ದರೆ ಎದುರಿನವರು ಅದನ್ನು ಪರವಾನಗಿಯ ಗುರುತು ಎನ್ನುತ್ತಾರೆ. ಕಣ ಬಳಸಿದ್ದಕ್ಕೋ ನೀರಿಗೋ ಕೊಟ್ಟಿದ್ದರೆ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಯಾವಾಗ ನಿಂತಿತು ಎಂಬುದೂ ಮುಖ್ಯ, ನಿಂತ ಮೇಲೂ 20 ವರ್ಷ ನಿರಾತಂಕವಾಗಿ ಓಡಾಡಿದ್ದರೆ ನಿಮಗೆ ವಾದವಿದೆ. ಹಿಂದಿನ ಮಾಲೀಕರು ಬದುಕಿದ್ದರೆ ಅಪ್ಪನವರೇ ಹೋಗಿ ಕೇಳಲಿ, ಅವರ ಹೇಳಿಕೆ ನಿಮ್ಮ ವಕೀಲರ ಕೈ ಸೇರುವವರೆಗೆ ನೋಟಿಸಿನಲ್ಲಿ ಆ ಮೂಟೆಯ ಬಗ್ಗೆ ಊಹೆಯಿಂದ ಏನನ್ನೂ ಬರೆಸಬೇಡಿ.