ಬೀದಿದೀಪದ ‘ಚಾಟರ್’ಗೆ ಕನ್ನಡದಲ್ಲಿ ಏನನ್ನುತ್ತೀರಿ?

ನಮ್ಮ ಅಪಾರ್ಟ್‌ಮೆಂಟಿನ ಒಳರಸ್ತೆಯ ಎಲ್‌ಇಡಿ ದೀಪಗಳು ಮುಸ್ಸಂಜೆಗೆ ಒಟ್ಟಿಗೇ ಹೊತ್ತುತ್ತವೆ, ಅರ್ಧ ನಿಮಿಷಕ್ಕೆ ಒಟ್ಟಿಗೇ ಆರುತ್ತವೆ, ಮತ್ತೆ ಹೊತ್ತುತ್ತವೆ. ಪೂರ್ತಿ ಕತ್ತಲಾದ ಮೇಲೆ ಸುಮ್ಮನಾಗುತ್ತವೆ. ಸೂಚನಾ ಫಲಕಕ್ಕೆ ‘ದೀಪಗಳು ಮಿನುಗುತ್ತಿವೆ’ ಎಂದು ಬರೆದೆ. ಎಲೆಕ್ಟ್ರಿಷಿಯನ್ ನಕ್ಕು, ‘ಇದು ಸೆನ್ಸರ್ ಆಟ, ದೀಪಗಳಿಗೆಲ್ಲ ಒಟ್ಟಿಗೆ ಕರೆಂಟು ಕೊಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಅದರ ಚಾಟರ್ ಅಲ್ಲ ಮೇಡಂ’ ಎಂದರು. ಎರಡಕ್ಕೂ ಬೇರೆ ಬೇರೆ ಪದ ಇವೆಯೇ?

—

‘ಮಿನುಗು’ ನಕ್ಷತ್ರಕ್ಕೆ ಸರಿ, ಆರಿ ಹೊತ್ತುವ ದೀಪಕ್ಕಲ್ಲ. ಚಾಟರ್ ಅಂದರೆ ಹರಟೆ ತಾನೆ? ‘ಹರಟುವ ಕಾಂಟ್ಯಾಕ್ಟರ್’ ಎನ್ನಬಹುದಲ್ಲ!

—

ಹರಟೆ ಅಲ್ಲ ಸರ್, ಚಳಿಗೆ ಹಲ್ಲು ಕಟಕಟ ಅನ್ನುತ್ತದಲ್ಲ, ಆ ಕಟಕಟ. ಮೂವತ್ತು ವರ್ಷ ಪ್ಯಾನೆಲ್ ಬೋರ್ಡ್ ಕೆಲಸ ಮಾಡಿದವನು ನಾನು, ಕಿವಿಯೇ ಹೇಳಿಬಿಡುತ್ತದೆ. ಕಾಂಟ್ಯಾಕ್ಟರಿನೊಳಗೆ ಅಯಸ್ಕಾಂತದಂತೆ ಎಳೆಯುವ ಕಾಯಿಲ್ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿಯಲಾರದೆ ಸೆಕೆಂಡಿಗೆ ಹತ್ತಾರು ಸಲ ಬಿಟ್ಟು ಹಿಡಿಯುತ್ತದೆ. ಪೆಟ್ಟಿಗೆಯೊಳಗಿಂದ ಗರ್‌ರ್ ಸದ್ದು, ದೀಪದಲ್ಲಿ ನಡುಕ. ಹಾಗೇ ಬಿಟ್ಟರೆ ಕಾಂಟ್ಯಾಕ್ಟು ಸುಟ್ಟು ಅಂಟಿಕೊಳ್ಳುತ್ತದೆ. ಆಗ ಹಗಲಲ್ಲೂ ದೀಪ ಆರದು.

ನಿಮ್ಮದು ಅರ್ಧ ನಿಮಿಷದ ಆಟ. ಪೆಟ್ಟಿಗೆಯಲ್ಲಿ ಪ್ರತಿ ಸಲ ಒಂದೇ ‘ಟಕ್’ ಕೇಳುತ್ತದೆ, ಅಷ್ಟೆ. ದೀಪ ಹೊತ್ತಿದಾಗ ಅದರ ಬೆಳಕು ಸೆನ್ಸರ್ ಮೇಲೆ, ಅಂದರೆ ಹಗಲು-ಕತ್ತಲು ನೋಡಿ ದೀಪ ಆರಿಸಿ ಹೊತ್ತಿಸುವ ಫೋಟೋಸೆಲ್ ಮೇಲೆ ಬೀಳುತ್ತಿದೆ. ಆಕಾಶದ ಉಳಿದ ಬೆಳಕೂ ಸೇರಿದರೆ ಅದು ‘ಇನ್ನೂ ಹಗಲು’ ಅಂದುಕೊಂಡು ಆರಿಸುತ್ತದೆ. ಕತ್ತಲಾದ ಮೇಲೆ ದೀಪದ ಬೆಳಕೊಂದೇ ಸಾಲದು, ಅದಕ್ಕೇ ಸುಮ್ಮನಾಗುತ್ತದೆ. ಇದನ್ನು ನಾನು ‘ಹೊಯ್ದಾಟ’ ಎನ್ನುತ್ತೇನೆ.

—

ನಮ್ಮ ಬೀದಿಯ ಹಳೇ ಸೋಡಿಯಂ ದೀಪವೂ ಹೀಗೇ ಮಾಡುತ್ತಿತ್ತು, ರಾತ್ರಿಯಿಡೀ! ಬಲ್ಬ್ ಬದಲಿಸಿದರು, ನಿಂತಿತು. ನೀವೂ ಬಲ್ಬ್ ಬದಲಿಸಿ.

—

ಅದು ಒಂದೇ ಕಂಬದ ಕಥೆ. ಸೋಡಿಯಂ ಬಲ್ಬಿಗೆ ವಯಸ್ಸಾದರೆ ಕಾದು ಆರುತ್ತದೆ, ತಣಿದು ಹೊತ್ತುತ್ತದೆ. ಇಲ್ಲಿ ಎಲ್ಲ ಕಂಬವೂ ಒಟ್ಟಿಗೆ ಆರುತ್ತಿವೆ, ಆದ್ದರಿಂದ ತಪ್ಪು ಬಲ್ಬಿನದಲ್ಲ. ಸಂಜೆ ಫೋಟೋಸೆಲ್‌ಗೆ ಕಪ್ಪು ಬಟ್ಟೆ ಮುಚ್ಚಿಸಿ ನೋಡಿ. ದೀಪ ನಿಂತು ಉರಿದರೆ ಸೆಲ್ ಇರುವ ಜಾಗವೇ ತಪ್ಪು. ಮುಚ್ಚಿದರೂ ಗರ್‌ರ್ ಅಂದರೆ ಎಲೆಕ್ಟ್ರಿಷಿಯನ್ ಕಾಯಿಲಿನ ವೋಲ್ಟೇಜ್ ಅಳೆಯಲಿ. 230 ವೋಲ್ಟಿನ ಕಾಯಿಲಿಗೆ ಸುಮಾರು 195ಕ್ಕಿಂತ ಕಡಿಮೆಯಿದ್ದರೆ ತಪ್ಪು ವೈರಿನಲ್ಲೋ ಸಪ್ಲೈಯಲ್ಲೋ. ವೋಲ್ಟೇಜ್ ಸರಿಯಿದ್ದೂ ನಡುಗಿದರೆ ಕಬ್ಬಿಣದ ಮುಖದ ಧೂಳು, ಇಲ್ಲವೇ ಆ ಕಬ್ಬಿಣ ನಡುಗದಂತೆ ತಡೆಯುವ ಶೇಡಿಂಗ್ ರಿಂಗ್ ಒಡೆದಿರುವುದು. ಒಮ್ಮೊಮ್ಮೆ ಫೋಟೋಸೆಲ್‌ನ ರಿಲೇ ಸುಟ್ಟು ಕಾಂಟ್ಯಾಕ್ಟರನ್ನೇ ನಡುಗಿಸುತ್ತದೆ, ಆಗ ಯಾವ ಪದ ಬಳಸಬೇಕೋ ನನಗೂ ಗೊಂದಲ.

—

ಬಟ್ಟೆ ಮುಚ್ಚಿಸಿದೆ, ಒಂದು ಸಲವೂ ಆರಲಿಲ್ಲ. ಸೆಲ್ ದೀಪದ ಕೆಳಗೇ, ಬಿಳಿ ಗೋಡೆಗೆ ಎದುರಾಗಿ ಇತ್ತು. ನಾಳೆ ಟೆರೇಸಿಗೆ ಏರಿಸುತ್ತಾರಂತೆ. ಚಾಟರ್‌ಗೆ ‘ಕಟಕಟ’ ಇಟ್ಟುಕೊಂಡೆ. ‘ಹೊಯ್ದಾಟ’ ಮನಸ್ಸಿನ ಮಾತಾಯಿತೆಂದು ನಮ್ಮ ಅತ್ತೆ ಒಪ್ಪುತ್ತಿಲ್ಲ; ‘ಆರಿ-ಹೊತ್ತಾಟ’ ಅನ್ನು ಅನ್ನುತ್ತಾರೆ.